ಸಾವಿರ ನಾಣ್ಯಗಳ ಶಿಸ್ತು: ಘಾತೀಯ ಮೇಲ್ಮಿತಿಯನ್ನು ಸವಿಯುವ ಬಗೆ

ಪಕ್ಷಪಾತವಿಲ್ಲದ ನಾಣ್ಯವನ್ನು ಸಾವಿರ ಸಲ ಚಿಮ್ಮಿದರೆ ಶಿರ, ಅಂದರೆ ಆಡುಮಾತಿನ ಹೆಡ್, ಸರಾಸರಿ 500 ಸಲ ಬೀಳುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಅದು 600 ಅಥವಾ ಅದಕ್ಕಿಂತ ಹೆಚ್ಚು ಸಲ ಬೀಳುವ ಸಂಭವನೀಯತೆ ಸುಮಾರು 730 ಕೋಟಿಗೆ ಒಂದರಷ್ಟು ಮಾತ್ರ ಎಂಬುದು ಅಷ್ಟು ಸುಲಭವಾಗಿ ಊಹೆಗೆ ನಿಲುಕುವುದಿಲ್ಲ. ಈ ಸಂಖ್ಯೆಯನ್ನು ಯಂತ್ರದಿಂದ ಲೆಕ್ಕ ಹಾಕಿಸುವುದು ಒಂದು ದಾರಿ. ಅದು ಹಾಗೇಕೆ ಇರಲೇಬೇಕು ಎಂಬುದನ್ನು ಅರ್ಧ ಪುಟದ ಸಾಧನೆಯಿಂದ ಕಾಣುವುದು ಇನ್ನೊಂದು ದಾರಿ. ಈ ಎರಡನೆಯ ದಾರಿಯನ್ನು ಸಂಖ್ಯಾವಿಜ್ಞಾನಿಗಳು ಚೆರ್ನಾಫ್ ಮೇಲ್ಮಿತಿ ಎಂದು ಕರೆಯುತ್ತಾರೆ. ಮೇಲ್ಮಿತಿ ಎಂದರೆ ಒಂದು ಸಂಭವನೀಯತೆ ಇದಕ್ಕಿಂತ ಹೆಚ್ಚಿರಲಾರದು ಎಂಬ ಖಚಿತ ಭರವಸೆ. ಅಂಥ ಭರವಸೆಯೊಂದರ ಸೊಗಸನ್ನು ಅರಿಯಬೇಕಾದರೆ ಅದಕ್ಕಿಂತ ದುರ್ಬಲವಾದ ಭರವಸೆಗಳನ್ನು ಮೊದಲು ನೋಡಿ, ಅವು ಎಲ್ಲಿ ನಿಂತುಬಿಡುತ್ತವೆ ಎಂಬುದನ್ನು ಗಮನಿಸಬೇಕಾಗುತ್ತದೆ.

ಮೊದಲ ಮೆಟ್ಟಿಲು: ವರ್ಗ

ಎಲ್ಲ ಮೇಲ್ಮಿತಿಗಳ ಬುಡದಲ್ಲಿ ಮಾರ್ಕೋವ್ ಅಸಮತೆ ಎಂಬ ಒಂದೇ ಸರಳ ಮಾತಿದೆ. ಋಣವಾಗದ ಒಂದು ಪರಿಮಾಣದ ಸರಾಸರಿ m ಆಗಿದ್ದರೆ, ಅದು t ಎಂಬ ಮಟ್ಟವನ್ನು ಮುಟ್ಟುವ ಸಂಭವನೀಯತೆ m/t ಯನ್ನು ಮೀರಲಾರದು. ಮೀರಿದ್ದೇ ಆದರೆ ಆ ದೊಡ್ಡ ಬೆಲೆಗಳೇ ಸರಾಸರಿಯನ್ನು m ಗಿಂತ ಮೇಲಕ್ಕೆ ಎತ್ತಿಬಿಡುತ್ತಿದ್ದವು. ಇದನ್ನು ಶಿರಗಳ ಎಣಿಕೆಗೆ ನೇರವಾಗಿ ಅನ್ವಯಿಸಿದರೆ 500/600, ಅಂದರೆ ಆರರಲ್ಲಿ ಐದು ಎಂಬ ಹೆಚ್ಚೇನೂ ಹೇಳದ ಉತ್ತರ ಬರುತ್ತದೆ. ಆದುದರಿಂದ ಮುಂದಿನ ಕಥೆಯೆಲ್ಲ ಮಾರ್ಕೋವ್ ಅಸಮತೆಯನ್ನು ಯಾವ ಪರಿಮಾಣಕ್ಕೆ ಅನ್ವಯಿಸಬೇಕು ಎಂಬ ಆಯ್ಕೆಯ ಕಥೆಯೇ ಆಗಿದೆ.

ಲೆಕ್ಕದ ಅನುಕೂಲಕ್ಕಾಗಿ ಶಿರ ಬಿದ್ದರೆ +1, ಪುಚ್ಛ ಬಿದ್ದರೆ −1 ಎಂದು ಬರೆದುಕೊಂಡು, ಸಾವಿರ ಚಿಮ್ಮುಗಳ ಮೊತ್ತವನ್ನು S ಎಂದು ಕರೆಯಬಹುದು. 600 ಶಿರಗಳಿಗೆ 400 ಪುಚ್ಛಗಳಿರುವುದರಿಂದ ಆಗ S ನ ಬೆಲೆ 200. S ನ ಸರಾಸರಿ ಸೊನ್ನೆ. ಬಿಯೆನೆಮೆ 1853ರಲ್ಲಿ, ಚೆಬಿಶೆವ್ 1867ರಲ್ಲಿ ತೋರಿದ ದಾರಿಯಲ್ಲಿ ಮಾರ್ಕೋವ್ ಅಸಮತೆಯನ್ನು S ಗೆ ಬದಲಾಗಿ S² ಗೆ ಅನ್ವಯಿಸಲಾಗುತ್ತದೆ. S² ನ ಸರಾಸರಿಯೇ ವೇರಿಯನ್ಸ್; ಇಲ್ಲಿ ಅದು 1000. ಆದ್ದರಿಂದ ಮೊತ್ತವು ಸೊನ್ನೆಯಿಂದ ಯಾವುದೇ ದಿಕ್ಕಿಗೆ 200ರಷ್ಟು ಸರಿಯುವ ಸಂಭವನೀಯತೆ 1000/40,000, ಅಂದರೆ ನಲವತ್ತರಲ್ಲಿ ಒಂದನ್ನು ಮೀರದು. ಆರರಲ್ಲಿ ಐದಕ್ಕೆ ಹೋಲಿಸಿದರೆ ಇದು ದೊಡ್ಡ ಗಳಿಕೆ. 730 ಕೋಟಿಗೆ ಹೋಲಿಸಿದರೆ ಏನೂ ಅಲ್ಲ.

ವರ್ಗ ಅಲ್ಲಿಗೇ ನಿಲ್ಲುವುದೇಕೆ?

ಇಲ್ಲಿ ರಸಿಕರು ಒಂದು ಕ್ಷಣ ನಿಂತು, ವೇರಿಯನ್ಸ್ ಮೂಲಕ ಬಂದ ಉತ್ತರ ಇಷ್ಟು ಸಡಿಲವಾಗಿರುವುದು ಸಾಧನೆಯ ಸೋಮಾರಿತನದಿಂದಲೋ ಅಥವಾ ಅದಕ್ಕಿಂತ ಹೆಚ್ಚನ್ನು ಹೇಳಲು ಅದಕ್ಕೆ ಸಾಧ್ಯವೇ ಇಲ್ಲವೋ ಎಂದು ಕೇಳಿಕೊಳ್ಳಬೇಕು. ಉತ್ತರವನ್ನು ಒಂದು ಉದಾಹರಣೆ ಸ್ಪಷ್ಟವಾಗಿ ಕೊಡುತ್ತದೆ.

ಹತ್ತು ನಿಜವಾದ ನಾಣ್ಯಗಳನ್ನು ಚಿಮ್ಮಿ, ಅವುಗಳಿಂದ ಆರಿಸಬಹುದಾದ ಪ್ರತಿಯೊಂದು ಗುಂಪಿಗೂ, ಖಾಲಿ ಗುಂಪೊಂದನ್ನು ಬಿಟ್ಟು, ಒಂದು ಹುಸಿ ನಾಣ್ಯವನ್ನು ಕಲ್ಪಿಸಿಕೊಳ್ಳಬಹುದು. ಗುಂಪಿನಲ್ಲಿ ಬಿದ್ದ ಶಿರಗಳ ಸಂಖ್ಯೆ ಬೆಸವಾಗಿದ್ದರೆ ಆ ಹುಸಿ ನಾಣ್ಯಕ್ಕೆ ಶಿರ, ಸಮವಾಗಿದ್ದರೆ ಪುಚ್ಛ. ಹೀಗೆ 1023 ಹುಸಿ ನಾಣ್ಯಗಳು ದೊರೆಯುತ್ತವೆ. ಪ್ರತಿಯೊಂದಕ್ಕೂ ಶಿರ ಬೀಳುವ ಸಂಭವನೀಯತೆ ಸರಿಯಾಗಿ ಅರ್ಧ. ಯಾವ ಎರಡನ್ನು ತೆಗೆದುಕೊಂಡರೂ ಅವು ಪರಸ್ಪರ ಸ್ವತಂತ್ರ, ಅಂದರೆ ಒಂದರ ಫಲಿತಾಂಶ ತಿಳಿದರೂ ಇನ್ನೊಂದರ ಸಂಭವನೀಯತೆ ಬದಲಾಗುವುದಿಲ್ಲ. ಹಾಗಾಗಿ ಅವುಗಳ ಮೊತ್ತದ ಸರಾಸರಿಯೂ ವೇರಿಯನ್ಸೂ 1023 ನಿಜ ನಾಣ್ಯಗಳಿಗೆ ಇರುವಷ್ಟೇ ಇರುತ್ತವೆ. ಆದರೂ ಹತ್ತೂ ನಿಜ ನಾಣ್ಯಗಳು ಪುಚ್ಛವಾಗಿ ಬಿದ್ದರೆ, ಎಂದರೆ 1024ರಲ್ಲಿ ಒಂದು ಸಂಭವನೀಯತೆಯಲ್ಲಿ, 1023 ಹುಸಿ ನಾಣ್ಯಗಳೂ ಒಟ್ಟಿಗೇ ಪುಚ್ಛವಾಗುತ್ತವೆ. ಉಳಿದೆಲ್ಲ ಸಂದರ್ಭಗಳಲ್ಲಿ ಸರಿಯಾಗಿ 512 ಶಿರಗಳೇ ಬೀಳುತ್ತವೆ. ಇಂಥ ಪೂರ್ಣ ವಿಚಲನೆಗೆ ಚೆಬಿಶೆವ್ ಮೇಲ್ಮಿತಿ ಕೊಡುವ ಬೆಲೆ 1/1023. ನಿಜವಾದ ಸಂಭವನೀಯತೆ 1/1024.

ವೇರಿಯನ್ಸ್ ಆಧಾರಿತ ಸಾಧನೆಯಲ್ಲಿ ತಪ್ಪೂ ಇಲ್ಲ, ಸೋಮಾರಿತನವೂ ಇಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಅದು ನಾಣ್ಯಗಳನ್ನು ಎರಡೆರಡಾಗಿ ಮಾತ್ರ ನೋಡುತ್ತದೆ. ಎರಡೆರಡಾಗಿ ನೋಡುವ ಕಣ್ಣಿಗೆ ನಿಜ ನಾಣ್ಯಗಳಿಗೂ ಹುಸಿ ನಾಣ್ಯಗಳಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಸಾವಿರ ನಿಜ ನಾಣ್ಯಗಳು ತೋರುವ ಶಿಸ್ತು ಹುಟ್ಟುವುದು ಅವೆಲ್ಲವೂ ಒಟ್ಟಾಗಿ ಸ್ವತಂತ್ರವಾಗಿರುವುದರಿಂದ. ಆ ಸಂಗತಿಯನ್ನು ಬಳಸಿಕೊಳ್ಳದ ಯಾವ ಸಾಧನೆಯೂ ಈ ಶಿಸ್ತನ್ನು ಪೂರ್ತಿಯಾಗಿ ಕಾಣಿಸಲಾರದು.

ನಾಲ್ಕನೆಯ ಘಾತದಿಂದ ಘಾತೀಯಕ್ಕೆ

S² ಬದಲಿಗೆ S⁴ ನ್ನು ತೆಗೆದುಕೊಂಡರೆ ನಾಣ್ಯಗಳನ್ನು ನಾಲ್ಕು ನಾಲ್ಕಾಗಿ ನೋಡಿದಂತಾಗುತ್ತದೆ. ಆ ಮೊತ್ತವನ್ನು ಬಿಡಿಸಿ ಬರೆದಾಗ, ಯಾವುದಾದರೂ ನಾಣ್ಯ ಬೆಸ ಸಂಖ್ಯೆಯ ಸಲ ಕಾಣಿಸಿಕೊಳ್ಳುವ ಪದಗಳ ಸರಾಸರಿ ಸೊನ್ನೆಯಾಗಿ, 3n² − 2n ಮಾತ್ರ ಉಳಿಯುತ್ತದೆ. n ಸಾವಿರವಾದಾಗ ಇದು 29,98,000. ಇದನ್ನು 200⁴, ಅಂದರೆ 160 ಕೋಟಿಯಿಂದ ಭಾಗಿಸಿದರೆ ಮೇಲ್ಮಿತಿ ಸುಮಾರು 534ರಲ್ಲಿ ಒಂದಕ್ಕೆ ಇಳಿಯುತ್ತದೆ. ಆರನೆಯ, ಎಂಟನೆಯ ಘಾತಗಳನ್ನು ತೆಗೆದುಕೊಂಡರೆ ಅದು ಇನ್ನೂ ಇಳಿಯುತ್ತದೆ, ಆದರೆ ಲೆಕ್ಕ ಬೆಳೆಯುತ್ತ ಹೋಗುತ್ತದೆ. ಎಲ್ಲ ಘಾತಗಳನ್ನೂ ಒಂದೇ ಸಲಕ್ಕೆ ಒಳಗೊಂಡ ಪರಿಮಾಣವೊಂದು ಬೇಕೆನ್ನಿಸುವುದು ಈ ಹಂತದಲ್ಲೇ. ಅದೇ e^(λS). ಇದರಲ್ಲಿ e ಎಂಬುದು 2.718ರಷ್ಟಿರುವ ಸ್ಥಿರಾಂಕ, λ ಎಂಬುದು ನಮ್ಮ ಇಷ್ಟದಂತೆ ಆರಿಸಬಹುದಾದ ಧನ ಸಂಖ್ಯೆ.

ಸಾಧನೆಯ ಮೊದಲ ಹೆಜ್ಜೆಯಲ್ಲಿ ಮಾರ್ಕೋವ್ ಅಸಮತೆಯನ್ನು ಈ ಹೊಸ ಪರಿಮಾಣಕ್ಕೆ ಅನ್ವಯಿಸಲಾಗುತ್ತದೆ. S ನ ಬೆಲೆ a ಯನ್ನು ಮುಟ್ಟುವುದೂ e^(λS) ನ ಬೆಲೆ e^(λa) ಯನ್ನು ಮುಟ್ಟುವುದೂ ಒಂದೇ ಘಟನೆಯಾದ್ದರಿಂದ,

P(S ≥ a) ≤ e^(−λa) · E[e^(λS)]

ಎಂದಾಗುತ್ತದೆ, ಇಲ್ಲಿ P ಸಂಭವನೀಯತೆಯನ್ನೂ E ಸರಾಸರಿಯನ್ನೂ ಸೂಚಿಸುತ್ತವೆ. ಎರಡನೆಯ ಹೆಜ್ಜೆಯೇ ಸಾಧನೆಯ ಹೃದಯ. ಮೊತ್ತದ ಘಾತೀಯವು ಬಿಡಿ ಘಾತೀಯಗಳ ಗುಣಲಬ್ಧವಾಗುತ್ತದೆ. ನಾಣ್ಯಗಳೆಲ್ಲ ಒಟ್ಟಾಗಿ ಸ್ವತಂತ್ರವಾಗಿರುವುದರಿಂದ ಗುಣಲಬ್ಧದ ಸರಾಸರಿಯು ಸರಾಸರಿಗಳ ಗುಣಲಬ್ಧಕ್ಕೆ ಸಮನಾಗುತ್ತದೆ. ಹೀಗೆ ಸಾವಿರ ನಾಣ್ಯಗಳ ಪ್ರಶ್ನೆ ಒಂದೇ ನಾಣ್ಯದ ಪ್ರಶ್ನೆಯಾಗಿ ಬದಲಾಗುತ್ತದೆ. ಹುಸಿ ನಾಣ್ಯಗಳು ಸೋಲುವುದು ಸರಿಯಾಗಿ ಈ ಹೆಜ್ಜೆಯಲ್ಲಿ.

ಒಂದು ನಾಣ್ಯದ ಸರಾಸರಿ (e^λ + e^(−λ))/2. ಇದನ್ನು ಶ್ರೇಢಿಯಾಗಿ ಬಿಡಿಸಿದರೆ 1 + λ²/2 + λ⁴/24 + λ⁶/720 ಎಂದು ಮುಂದುವರಿಯುತ್ತದೆ. e^(λ²/2) ನ್ನು ಬಿಡಿಸಿದರೆ 1 + λ²/2 + λ⁴/8 + λ⁶/48 ಎಂದು ಮುಂದುವರಿಯುತ್ತದೆ. ಪದಕ್ಕೆ ಪದ ಇಟ್ಟು ನೋಡಿದರೆ ಮೊದಲನೆಯದು ಎಲ್ಲಿಯೂ ಎರಡನೆಯದನ್ನು ಮೀರುವುದಿಲ್ಲ. ಆದುದರಿಂದ n ನಾಣ್ಯಗಳಿಗೆ ಒಟ್ಟು ಮೇಲ್ಮಿತಿ e^(nλ²/2 − λa) ಆಗುತ್ತದೆ.

ಕೊನೆಯ ಹೆಜ್ಜೆ λ ದ ಆಯ್ಕೆ. ಸಾವಿರ ನಾಣ್ಯ ಮತ್ತು 200ರ ಮೊತ್ತಕ್ಕೆ λ 0.1 ಆದರೆ ಘಾತ 5 − 20, ಅಂದರೆ −15, 0.3 ಆದರೆ 45 − 60, ಮತ್ತೆ −15, ನಡುವಿನ 0.2ರಲ್ಲಿ 20 − 40, ಅಂದರೆ −20. ಸಾಮಾನ್ಯವಾಗಿ λ = a/n ಎಂದಿಟ್ಟಾಗ ಅತಿ ಚಿಕ್ಕ ಬೆಲೆ ದೊರೆತು, ಸಾಧನೆ ಹೀಗೆ ಮುಗಿಯುತ್ತದೆ:

P(S ≥ a) ≤ e^(−a²/2n)

e^(−20) ಎಂದರೆ 48 ಕೋಟಿಗೂ ಹೆಚ್ಚಿನದರಲ್ಲಿ ಒಂದು. ಚಿಮ್ಮುಗಳನ್ನು ಹತ್ತು ಸಾವಿರಕ್ಕೆ ಏರಿಸಿ 6,000 ಶಿರಗಳನ್ನು ಕೇಳಿದರೆ ಚೆಬಿಶೆವ್ ಮೇಲ್ಮಿತಿ ನಲವತ್ತರಿಂದ ನಾನೂರರಲ್ಲಿ ಒಂದಕ್ಕೆ ಇಳಿದರೆ, ಘಾತೀಯ ಮೇಲ್ಮಿತಿ e^(−200) ಕ್ಕೆ ಇಳಿಯುತ್ತದೆ. ಒಂದು n ನಿಂದ ಭಾಗಿಸುತ್ತದೆ, ಇನ್ನೊಂದು n ನ್ನು ಘಾತದಲ್ಲಿಯೇ ಇರಿಸುತ್ತದೆ. ಇವೆರಡರ ಅಂತರವೆಲ್ಲ ಇಷ್ಟರಲ್ಲಿ ಅಡಗಿದೆ.

ನಷ್ಟ ಎಲ್ಲಿ, ಮಿತಿ ಎಲ್ಲಿ

ಒಳ್ಳೆಯ ಓದುಗರು ಸಾಧನೆಯ ಗಳಿಕೆಯನ್ನು ನೋಡಿದಷ್ಟೇ ಎಚ್ಚರದಿಂದ ಅದರ ನಷ್ಟವನ್ನೂ ನೋಡುತ್ತಾರೆ. 48 ಕೋಟಿಗೂ 730 ಕೋಟಿಗೂ ನಡುವೆ ಸುಮಾರು ಹದಿನೈದು ಪಟ್ಟು ಅಂತರವಿದೆ. ಶ್ರೇಢಿಗಳನ್ನು ಹೋಲಿಸಿದ ಹೆಜ್ಜೆಯಲ್ಲಿ ಕಳೆದುಹೋದದ್ದು ತೀರ ಅಲ್ಪ: ಅಲ್ಲಿ ಅಂದಾಜಿಸದೆ ಒಂದು ನಾಣ್ಯದ ಸರಾಸರಿಯನ್ನು ಹಾಗೆಯೇ ಉಳಿಸಿಕೊಂಡಿದ್ದರೆ ಮೇಲ್ಮಿತಿ ಶೇಕಡಾ ಹನ್ನೆರಡರಷ್ಟು ಮಾತ್ರ ಕಿರಿದಾಗುತ್ತಿತ್ತು. ಉಳಿದ ನಷ್ಟವೆಲ್ಲ ಮಾರ್ಕೋವ್ ಅಸಮತೆಯದು. n ಬೆಳೆದಂತೆ ಆ ನಷ್ಟ √n ನ ಗಾತ್ರದಲ್ಲಿ ಬೆಳೆಯುತ್ತದೆ. ಅದನ್ನೂ ಲೆಕ್ಕಕ್ಕೆ ತಂದು ಇಂಥ ಸಂಭವನೀಯತೆಗಳ ನಿಖರ ಅಂದಾಜನ್ನು ಭಾರತೀಯ ಸಂಖ್ಯಾವಿಜ್ಞಾನಿಗಳಾದ ಆರ್. ಆರ್. ಬಹಾದೂರ್ ಮತ್ತು ಆರ್. ರಂಗರಾವ್ 1960ರಲ್ಲಿ ಕೊಟ್ಟರು. ಚೆರ್ನಾಫ್ ಅವರ ಲೇಖನ ಪ್ರಕಟವಾದದ್ದು 1952ರಲ್ಲಿ. ಈ ಸರಳ ಸಾಧನೆಯ ಶ್ರೇಯ ತಮ್ಮ ಸಹೋದ್ಯೋಗಿ ಹರ್ಮನ್ ರೂಬಿನ್ ಅವರದೆಂದು ಚೆರ್ನಾಫ್ ಅವರೇ ಹೇಳಿದ್ದಾರೆ. ಬೇರೆ ಬೇರೆ ಬಗೆಯ, ಆದರೆ ಸೀಮಿತ ವ್ಯಾಪ್ತಿಯ ಪರಿಮಾಣಗಳಿಗೂ ಇದೇ ಬಗೆಯ ಮೇಲ್ಮಿತಿ ನಿಲ್ಲುತ್ತದೆಂದು ಹಾಫ್ಡಿಂಗ್ 1963ರಲ್ಲಿ ತೋರಿಸಿದರು.

ಘಾತೀಯ ಮೇಲ್ಮಿತಿ ಎಲ್ಲೆಡೆಯೂ ಗೆಲ್ಲುತ್ತದೆ ಎಂದೂ ಭಾವಿಸಬಾರದು. ನೂರು ಚಿಮ್ಮುಗಳಲ್ಲಿ 60 ಶಿರಗಳ ಪ್ರಶ್ನೆಗೆ ಅದು ಕೊಡುವುದು e^(−2), ಅಂದರೆ 0.135, ಚೆಬಿಶೆವ್ ಕೊಡುವ ಕಾಲು ಭಾಗವನ್ನು ಎರಡೂ ದಿಕ್ಕುಗಳಿಗೆ ಸಮನಾಗಿ ಹಂಚಿದರೆ 0.125 ಬರುತ್ತದೆ. ನಿಜವಾದ ಬೆಲೆ ಸುಮಾರು 0.028. ವಿಚಲನೆ ಸಣ್ಣದಿರುವಲ್ಲಿ ವರ್ಗವೇ ಸಾಕು. ದೂರದ ವಿಚಲನೆಗಳಲ್ಲಿ ಘಾತೀಯಕ್ಕೆ ಸಾಟಿಯಿಲ್ಲ.

ಈ ಬಗೆಯ ಸಾಧನೆ ಕಣ್ಣಿಗೆ ಬಿದ್ದಾಗಲೆಲ್ಲ ಓದುಗರು ಮೂರು ಸಂಗತಿಗಳನ್ನು ಹುಡುಕಿಕೊಳ್ಳಲಿ: ಮಾರ್ಕೋವ್ ಅಸಮತೆಯನ್ನು ಯಾವ ಪರಿಮಾಣಕ್ಕೆ ಅನ್ವಯಿಸಿದ್ದಾರೆ, ಸ್ವಾತಂತ್ರ್ಯವನ್ನು ಎಷ್ಟು ನಾಣ್ಯಗಳ ಮಟ್ಟಿಗೆ ಬಳಸಿದ್ದಾರೆ, ಮತ್ತು λ ವನ್ನು ಯಾವ ಕಾರಣಕ್ಕೆ ಆ ಬೆಲೆಯಲ್ಲಿ ನಿಲ್ಲಿಸಿದ್ದಾರೆ. ಸಾವಿರ ಚಿಮ್ಮುಗಳಲ್ಲಿ 550 ಶಿರಗಳ ಪ್ರಶ್ನೆಯನ್ನು ಲೇಖನಿ ಹಿಡಿದು ತಾವೇ ಬಿಡಿಸಿ ನೋಡಲಿ. ವರ್ಗದಿಂದ ಹತ್ತರಲ್ಲಿ ಒಂದು, ನಾಲ್ಕನೆಯ ಘಾತದಿಂದ ನೂರರಲ್ಲಿ ಮೂರು, ಘಾತೀಯದಿಂದ 148ರಲ್ಲಿ ಒಂದು ಬಂದರೆ ಲೆಕ್ಕ ಸರಿಯಾಗಿದೆ.