ಕಿತ್ತಳೆ ತೊಟ್ಟಿನ ಸಸಿ: ಒಂದು ಕತೆಯ ಓದು

ಕಾಸರಗೋಡಿನ ಕತೆಗಾರರೊಬ್ಬರ, ಇನ್ನೂ ಹಸ್ತಪ್ರತಿಯಲ್ಲೇ ಇರುವ, ಶೀರ್ಷಿಕೆಯಿಲ್ಲದ ಕತೆಯೊಂದು ಈ ಟಿಪ್ಪಣಿಯ ವಸ್ತು. ನಿವೃತ್ತ ಕೃಷಿವಿಜ್ಞಾನಿಯೊಬ್ಬರು ತಾವು ದುಡಿದ ತೆಂಗು ಸಂಶೋಧನಾ ಕೇಂದ್ರಕ್ಕೆ ಬರುತ್ತಾರೆ. ನರ್ಸರಿಯಲ್ಲಿ ಮಲಯಾಳಂ ಮನೆಮಾತಿನ ತರಬೇತಿ ವಿದ್ಯಾರ್ಥಿನಿಯೊಬ್ಬಳು ಎದುರಾಗುತ್ತಾಳೆ. ಘಟನೆ ಇಷ್ಟೇ. ಈ ನೆಲ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಾಗ, 1916ರಲ್ಲಿ ಇಲ್ಲಿ ಆರಂಭವಾದ ತೆಂಗಿನ ಸಂಶೋಧನೆ 1956ರಲ್ಲಿ ಊರಿನೊಡನೆ ಕೇರಳಕ್ಕೆ ಸೇರಿತು. ಹಾಗಾಗಿ ಕತೆ ಗಡಿಯ ಗೋಳಿಗೆ ಜಾರಬಹುದಿತ್ತು. ಜಾರದಂತೆ ತಡೆದದ್ದು ಒಂದು ಸಸಿ.

ಹುಡುಗಿ ಕಿತ್ತಳೆ ಬಣ್ಣದ ಗಿಡ್ಡ ತಳಿಯನ್ನು ತಾಯಿಯಾಗಿಟ್ಟು, ಎತ್ತರ ತಳಿಯ ಪರಾಗ ಹಾಕಿ ಸಂಕರ ಮಾಡಿದ್ದಾಳೆ. ಗಿಡ್ಡ ತಳಿಯ ಹೊಂಬಾಳೆಯಲ್ಲಿ ಗಂಡು ಹೂವು, ಹೆಣ್ಣು ಹೂವುಗಳ ಅವಧಿ ಒಂದರ ಮೇಲೊಂದು ಬೀಳುತ್ತದೆ. ಆದ್ದರಿಂದ ಗಂಡು ಹೂಗಳನ್ನೆಲ್ಲ ಮೊದಲೇ ಕಿತ್ತು, ಹೊಂಬಾಳೆಗೆ ಚೀಲ ಕಟ್ಟಬೇಕು. ನಾಲ್ಕಾರು ಹೂ ಉಳಿದರೂ ತಾಯಿ ತನ್ನದೇ ಪರಾಗದಿಂದ ಫಲ ಕಟ್ಟೀತು. ಆ ತಪ್ಪು ಕಾಯಿಯಲ್ಲಿ ಕಾಣದು. ಕಾಯಿ ಬಲಿಯಲು ಸುಮಾರು ಒಂದು ವರ್ಷ, ಮೊಳೆಯಲು ಮತ್ತೆ ಕೆಲವು ತಿಂಗಳು. ಆಮೇಲೆ ತೊಟ್ಟಿನ ಬಣ್ಣವೇ ಸಾಕ್ಷಿ: ಕಂದುಹಸಿರಾದರೆ ಸಂಕರ, ಕಿತ್ತಳೆಯಾದರೆ ಸ್ವಪರಾಗದ ಸಸಿ. ಕಿತ್ತಳೆಯದನ್ನು ಕಿತ್ತೆಸೆಯುತ್ತಾರೆ.

ಅವಳ ಸಾಲಿನಲ್ಲಿ ಕಿತ್ತಳೆ ಹೆಚ್ಚಿದೆ. ಮುದುಕರು ಒಂದೊಂದನ್ನೂ ಎಣಿಸುತ್ತಾರೆ, ಏನೂ ಹೇಳುವುದಿಲ್ಲ. ನಾವು ಗುರು ಶಿಷ್ಯೆಯನ್ನು ತಿದ್ದುವ ದೃಶ್ಯಕ್ಕಾಗಿ ಕಾಯುತ್ತಿರುವಾಗ, ತಾವು ಹೊಸಬರಾಗಿದ್ದಾಗ ಮೇಲಧಿಕಾರಿ ಬರುವ ಮೊದಲೇ ಇಂಥ ಸಸಿಗಳನ್ನು ಕಿತ್ತು ಗೊಬ್ಬರಗುಂಡಿಗೆ ಹಾಕಿ, ಲೆಕ್ಕದ ಪುಸ್ತಕದಲ್ಲಿ ಮೊಳೆಯಲಿಲ್ಲ ಎಂದು ಬರೆದದ್ದು ಅವರಿಗೆ ನೆನಪಾಗುತ್ತದೆ. ಆಗ ಅವಳು ಮಲಯಾಳದಲ್ಲಿ, ಎಲ್ಲವನ್ನೂ ಬರೆದಿಟ್ಟಿದ್ದೇನೆ ಸರ್, ಎನ್ನುತ್ತಾಳೆ. ಅವರು ಕನ್ನಡದಲ್ಲಿ, ಒಳ್ಳೆಯದಾಯಿತಮ್ಮ, ಎನ್ನುತ್ತಾರೆ. ಅನುವಾದವಿಲ್ಲದೆ ಇಬ್ಬರಿಗೂ ಅರ್ಥವಾಗುವ ಆ ಎರಡು ಮಾತುಗಳಲ್ಲಿ ಕಾಸರಗೋಡಿನ ನಿತ್ಯದ ಸಂಭಾಷಣೆಯಿದೆ. ತಪ್ಪೊಪ್ಪಿಗೆಯೂ ಅಲ್ಲೇ ಅಡಗಿದೆ, ಆದರೆ ಅದು ಅವಳಿಗೆ ತಲಪುವುದಿಲ್ಲ.

ಇಲ್ಲಿಗೇ ಕತೆ ಮುಗಿಯಬೇಕಿತ್ತು. ಇನ್ನೊಂದು ಪುಟ ಬೆಳೆದು, ಎರಡು ಭಾಷೆಯ ನಾವೂ ಸಂಕರ ಸಸಿಗಳೇ ಎಂದು ವಿಜ್ಞಾನಿಯ ಬಾಯಲ್ಲಿ ಹೇಳಿಸಲಾಗಿದೆ. ತೌಲನಿಕ ಸಾಹಿತ್ಯದವರಾದ ನಮಗೆ ಈ ರೂಪಕ ತೀರಾ ಪ್ರಿಯ. ನನ್ನ ಮೊದಲ ಓದಿನಲ್ಲಿ ನಾನೂ ಆ ಸಾಲಿಗೆ ಗೆರೆ ಎಳೆದಿದ್ದೆ. ಆದರೆ ಕತೆಯ ನರ್ಸರಿಯೇ ಅದನ್ನು ಒಪ್ಪುವುದಿಲ್ಲ. ಅಲ್ಲಿ ಸಂಕರವೆಂಬುದು ತಾನಾಗಿ ಆದ ಬೆರಕೆಯಲ್ಲ. ಕಿತ್ತು, ಕಟ್ಟಿ, ಕಾದು, ಬೇಡದ್ದನ್ನು ಎಸೆದು ಪಡೆದ ಫಲ. ಕಂದುಹಸಿರು ಸಸಿ ನಾವಾದರೆ, ಮನೆಯಲ್ಲಿ ಒಂದೇ ಭಾಷೆ ಉಳಿಸಿಕೊಂಡ ನೆರೆಯವರು ಗೊಬ್ಬರಗುಂಡಿಯ ಕಿತ್ತಳೆ ಸಸಿಗಳಾಗುತ್ತಾರೆ. ಕತೆಗಾರರು ಅದನ್ನು ಉದ್ದೇಶಿಸಿರಲಾರರು. ಅಚ್ಚಿಗೆ ಕೊಡುವ ಮೊದಲು ಆ ಪುಟವನ್ನು ಅವರು ಕೈಬಿಟ್ಟರೆ, ಲೆಕ್ಕದ ಪುಸ್ತಕದ ಆ ಸುಳ್ಳು ಸಾಲು ಓದುಗರ ಜೊತೆ ಉಳಿಯುತ್ತದೆ.