ಸಂಬಳದಲ್ಲಿ ಮುರಿದುಕೊಳ್ಳುವ ಮುಂಗಡ

ನೌಕರನಿಗೆ ಕಷ್ಟಕಾಲದಲ್ಲಿ ಯಜಮಾನನು ಒಂದು ದೊಡ್ಡ ಮೊತ್ತವನ್ನು ಕೈಗಿತ್ತು, ಅದನ್ನು ತಿಂಗಳು ತಿಂಗಳೂ ಸಂಬಳದಲ್ಲಿ ಸ್ವಲ್ಪ ಸ್ವಲ್ಪವಾಗಿ ಮುರಿದುಕೊಳ್ಳುವ ಪದ್ಧತಿಯು ನಮ್ಮ ಕಾರ್ಖಾನೆ, ಅಂಗಡಿ, ಕಚೇರಿಗಳಲ್ಲಿ ಎಷ್ಟು ಬಳಕೆಯದೆಂದರೆ, ಅದನ್ನು ವಿಮರ್ಶೆಗೆ ಅರ್ಹವಾದ ವಿಷಯವೆಂದು ಯಾರೂ ಪ್ರಾಯಶಃ ಎಣಿಸುವುದಿಲ್ಲ. ಕೊಡುವವನು ಅದನ್ನು ಔದಾರ್ಯವೆಂದೂ, ಪಡೆಯುವವನು ಉಪಕಾರವೆಂದೂ ಭಾವಿಸಿ, ಇಬ್ಬರೂ ಲೆಕ್ಕದ ಗುಮಾಸ್ತನಿಗೆ ಮಿಕ್ಕ ಕೆಲಸವನ್ನು ಒಪ್ಪಿಸಿಬಿಡುತ್ತಾರೆ. ಆದರೆ ಈ ವ್ಯವಹಾರದ ಗುಣದೋಷಗಳೆಲ್ಲವೂ ಆ ಗುಮಾಸ್ತನ ಮೇಜಿನ ಮೇಲೆಯೇ ನಿರ್ಣಯವಾಗತಕ್ಕವು. ಹಣವನ್ನು ಕೊಟ್ಟ ದಿನದಲ್ಲಿ ಪದ್ಧತಿಯು ಸುಂದರವಾಗಿಯೇ ಕಾಣುತ್ತದೆ. ಸಂಬಳ ಅರೆಕೊರೆಯಾದ ತಿಂಗಳಿನಲ್ಲಿಯೂ, ನೌಕರನು ಕೆಲಸ ಬಿಟ್ಟುಹೋಗುವ ವಾರದಲ್ಲಿಯೂ ಅದರ ನಿಜವಾದ ಮುಖ ಗೋಚರವಾಗುತ್ತದೆ.

ಮುಂಗಡಕ್ಕೆ ನಮ್ಮ ನಾಡಿನಲ್ಲಿ ಒಂದು ಅಹಿತಕರವಾದ ಪೂರ್ವಚರಿತ್ರೆಯಿದೆ. 1859ರಲ್ಲಿ ಬ್ರಿಟಿಷ್ ಸರಕಾರವು ಮಾಡಿದ 13ನೆಯ ಅಧಿನಿಯಮದ ಪ್ರಕಾರ, ಮುಂಗಡವನ್ನು ಪಡೆದು ಕರಾರಿನಂತೆ ಕೆಲಸ ಮಾಡದ ಕುಶಲಕರ್ಮಿಯನ್ನಾಗಲಿ ಕೂಲಿಯನ್ನಾಗಲಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಹಣವನ್ನು ಹಿಂದಿರುಗಿಸು ಇಲ್ಲವೇ ದುಡಿ ಎಂದು ಆಜ್ಞೆ ಮಾಡಿಸಬಹುದಾಗಿತ್ತು. ಆಜ್ಞೆಯನ್ನು ಮೀರಿದವನಿಗೆ ಮೂರು ತಿಂಗಳವರೆಗೆ ಸೆರೆವಾಸ. ಕೊಡಗಿನ ಕಾಫಿ ತೋಟಗಳಿಗೆ ಮೇಸ್ತ್ರಿಗಳ ಮೂಲಕ ಮುಂಗಡ ಕೊಟ್ಟು ಆಳುಗಳನ್ನು ಕರೆತರುತ್ತಿದ್ದ ಕಾಲದಲ್ಲಿ ತೋಟದ ದೊರೆಗಳ ಬೆನ್ನಿಗೆ ನಿಂತಿದ್ದುದು ಈ ಬಗೆಯ ಕಾನೂನೇ. 1925ರಲ್ಲಿ ಅದು ರದ್ದಾಯಿತು. ಆಮೇಲೆ ಬಂದ 1936ರ ವೇತನ ಪಾವತಿ ಅಧಿನಿಯಮವು ದಿಕ್ಕನ್ನೇ ಬದಲಾಯಿಸಿ, ಮುಂಗಡ ಪಡೆದವನ ದೇಹಕ್ಕೆ ಬದಲಾಗಿ ಮುಂಗಡ ಕೊಟ್ಟವನ ಕೈಗೆ ಕಟ್ಟುಹಾಕಿತು: ಇಂತಿಂಥ ಬಾಬುಗಳನ್ನು ಮಾತ್ರವೇ ಸಂಬಳದಿಂದ ಕಡಿಯಬಹುದು, ಇಷ್ಟಕ್ಕಿಂತ ಹೆಚ್ಚು ಕಡಿಯಕೂಡದು, ಕೆಲಸಕ್ಕೆ ಬರುವ ಮೊದಲೇ ಪ್ರಯಾಣದ ಖರ್ಚಿಗೆಂದು ಕೊಟ್ಟುದನ್ನಂತೂ ವಸೂಲು ಮಾಡಲೇಬಾರದು ಎಂದು ಅದು ವಿಧಿಸಿತು. ಮುಂಗಡದ ಋಣವೇ ಮನುಷ್ಯನನ್ನು ಕಟ್ಟಿಹಾಕುವ ಜೀತವನ್ನು 1976ರ ಅಧಿನಿಯಮವು ನಿಷೇಧಿಸಿದುದು ಇದೇ ದಾರಿಯ ಮುಂದಿನ ಹೆಜ್ಜೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ 2019ರ ವೇತನ ಸಂಹಿತೆಯು 1936ರ ಅಧಿನಿಯಮದ ಸ್ಥಾನದಲ್ಲಿ ನಿಂತು, ಯಾವುದೇ ವೇತನಾವಧಿಯಲ್ಲಿ ಎಲ್ಲ ಕಡಿತಗಳೂ ಸೇರಿ ವೇತನದ ಅರ್ಧವನ್ನು ಮೀರಬಾರದೆಂದು ಹೇಳುತ್ತದೆ. ಸಹಕಾರ ಸಂಘದ ಕಂತು ಸೇರಿದ್ದರೆ ಮುಕ್ಕಾಲು ಭಾಗದವರೆಗೂ ಕಡಿಯಬಹುದೆಂದು ಹಿಂದೆ ಇದ್ದ ಸಡಿಲವು ಇದರಲ್ಲಿಲ್ಲ. ಈ ಒಂದು ಬದಲಾವಣೆಯು ಗುಮಾಸ್ತರಿಗೆ ಇನ್ನೂ ಅಭ್ಯಾಸವಾಗಬೇಕಾಗಿದೆ.

ಮಾತು ಅಮೂರ್ತವಾಗಿ ಉಳಿಯದಂತೆ ಒಂದು ಉದಾಹರಣೆಯನ್ನು ಕೈಗೆತ್ತಿಕೊಳ್ಳೋಣ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವವನೊಬ್ಬನಿಗೆ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ, ಮನೆಬಾಡಿಗೆ ಭತ್ಯೆ 5,000, ಒಟ್ಟು 20,000 ಎಂದಿಟ್ಟುಕೊಳ್ಳಿ. ಭವಿಷ್ಯನಿಧಿಗೆ ನೂರಕ್ಕೆ 12ರಂತೆ 1,800, ಇಎಸ್‌ಐಗೆ ನೂರಕ್ಕೆ ಮುಕ್ಕಾಲರಂತೆ 150, ಪತ್ತಿನ ಸಹಕಾರ ಸಂಘದ ಹಳೆಯ ಸಾಲದ ಕಂತು 2,500 ಹೋಗಿ ಅವನ ಕೈಗೆ 15,550 ಬರುತ್ತದೆ. ಮಗಳ ಕಾಲೇಜು ಶುಲ್ಕಕ್ಕೆಂದು ಅವನು 40,000 ಮುಂಗಡ ಕೇಳುತ್ತಾನೆ; ಬಡ್ಡಿಯಿಲ್ಲ, ಹತ್ತು ಕಂತು, ತಿಂಗಳಿಗೆ 4,000 ಎಂದು ನಿಶ್ಚಯವಾಗುತ್ತದೆ. ಇನ್ನು ಮುಂದೆ ಅವನ ಕಡಿತಗಳ ಮೊತ್ತ 8,450, ಕೈಗೆ ಬರುವುದು 11,550. ಅರ್ಧದ ಮಿತಿಯಾದ 10,000ದೊಳಗೆ ಎಲ್ಲವೂ ಅಡಗಿದೆ. ಕಾನೂನಿನ ಕಣ್ಣಿಗೆ ಲೋಪವಿಲ್ಲ.

ಲೋಪವಿರುವುದು ಕಂತನ್ನು ಗೊತ್ತುಮಾಡಿದ ರೀತಿಯಲ್ಲಿ. ಇಪ್ಪತ್ತು ಸಾವಿರದವನಿಗೆ ನಾಲ್ಕು ಸಾವಿರವೆಂದರೆ ಐದರಲ್ಲಿ ಒಂದು ಪಾಲು, ಅದೇನು ಭಾರವೆಂದು ಯಜಮಾನನು ಒಟ್ಟು ಸಂಬಳವನ್ನು ನೋಡಿ ಲೆಕ್ಕ ಹಾಕುತ್ತಾನೆ. ಫಿಟ್ಟರನಾದರೋ ಒಟ್ಟು ಸಂಬಳದಿಂದ ಜೀವಿಸುವವನಲ್ಲ, ಕೈಗೆ ಬಂದ 15,550ರಿಂದ ಬಾಡಿಗೆ ಕೊಟ್ಟು ದಿನಸಿ ತರುವವನು, ಅದರಲ್ಲಿ ಈ ಕಂತು ನಾಲ್ಕರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು. ಮುಂಗಡದ ಅರ್ಜಿಯ ಮೇಲೆ ಸಹಿ ಹಾಕುವ ಮುನ್ನ ಹಿಂದಿನ ಮೂರು ತಿಂಗಳ ಸಂಬಳ ಚೀಟಿಗಳನ್ನು ತರಿಸಿ, ಅವುಗಳ ಕೊನೆಯ ಸಾಲಿನಲ್ಲಿರುವ ನಿವ್ವಳ ಮೊತ್ತವನ್ನು ನೋಡುವ ಯಜಮಾನರು ವಿರಳ. ನೋಡಿದವರು ಹತ್ತು ಕಂತುಗಳ ಬದಲು ಹದಿನಾಲ್ಕೋ ಹದಿನಾರೋ ಮಾಡಿಯಾರು.

ನಾಲ್ಕನೆಯ ತಿಂಗಳಿನಲ್ಲಿ ಫಿಟ್ಟರನು ಟೈಫಾಯ್ಡ್ ಜ್ವರದಲ್ಲಿ ಮಲಗಿ, ಮೂವತ್ತು ದಿನಗಳಲ್ಲಿ ಒಂಬತ್ತು ದಿನಗಳ ಸಂಬಳವನ್ನು ಕಳೆದುಕೊಳ್ಳುತ್ತಾನೆ. ವೇತನ 14,000ಕ್ಕೆ ಇಳಿಯುತ್ತದೆ. ಭವಿಷ್ಯನಿಧಿ 1,260ಕ್ಕೂ ಇಎಸ್‌ಐ 105ಕ್ಕೂ ತಾವಾಗಿಯೇ ಇಳಿಯುತ್ತವೆ. ಸಂಘದ ಕಂತು ಮತ್ತು ಮುಂಗಡದ ಕಂತು ಮಾತ್ರ ಇಳಿಯುವುದಿಲ್ಲ. ಒಟ್ಟು ಕಡಿತ 7,865 ಆಗುತ್ತದೆ, ಮಿತಿಯೋ 7,000. ಹೆಚ್ಚಾದ 865 ರೂಪಾಯಿಯನ್ನು ಯಾವ ಬಾಬಿನಿಂದ ಬಿಡತಕ್ಕದ್ದೆಂಬ ಪ್ರಶ್ನೆ ಆಗ ಏಳುತ್ತದೆ. ಭವಿಷ್ಯನಿಧಿ ಮತ್ತು ಇಎಸ್‌ಐ ಶಾಸನಬದ್ಧವಾದುವು. ಸಂಘದ ಕಂತು ಮೂರನೆಯವರಿಗೆ ಸಲ್ಲಬೇಕಾದುದು. ಯಜಮಾನನ ಸ್ವಾಧೀನದಲ್ಲಿರುವುದು ಮುಂಗಡವೊಂದೇ. ಆದುದರಿಂದ ಆ ತಿಂಗಳು 3,135ನ್ನು ಮಾತ್ರ ಮುರಿದು, ಉಳಿದ 865ನ್ನು ಹನ್ನೊಂದನೆಯ ತಿಂಗಳಿಗೆ ದೂಡುವುದೇ ನ್ಯಾಯವಾದ ಕ್ರಮ. ಸಂಬಳದ ತಂತ್ರಾಂಶಗಳಾದರೋ ಇದನ್ನು ತಾವಾಗಿ ಮಾಡುವಂತೆ ಹೊಂದಿಸಲ್ಪಟ್ಟಿರುವುದು ಕಡಮೆ. ಒಮ್ಮೆ ಕಂತನ್ನು ತುಂಬಿಸಿದರೆ ತಿಂಗಳು ಗಟ್ಟಿಯೋ ಪೊಳ್ಳೋ ನೋಡದೆ ನಾಲ್ಕು ಸಾವಿರವನ್ನು ಎಳೆದುಕೊಳ್ಳುತ್ತಲೇ ಹೋಗುತ್ತವೆ. “ಸಾರ್, ಈ ತಿಂಗಳು ಅಡ್ವಾನ್ಸ್ ಮುರ್ಕೋಬೇಡಿ” ಎಂದು ನೌಕರನು ಸಂಬಳದ ಮುನ್ನಾದಿನ ಬಂದು ಬಾಗಿಲಲ್ಲಿ ನಿಲ್ಲಬೇಕಾಗಿ ಬರುವುದು ಇದರಿಂದಲೇ. ನಿಯಮದಿಂದಲೇ ಅವನಿಗೆ ಸಲ್ಲಬೇಕಾದ ರಿಯಾಯಿತಿಯನ್ನು ಅವನು ದಯೆಯಂತೆ ಬೇಡುವ ಸ್ಥಿತಿಯು ಈ ಪದ್ಧತಿಯ ಅತ್ಯಂತ ಕುರೂಪವಾದ ಭಾಗವೆಂದು ನನಗೆ ತೋರುತ್ತದೆ.

ಸಂಬಳ ಚೀಟಿಯನ್ನೇ ನೋಡಿ. ಎಡಗಡೆ ಗಳಿಕೆ, ಬಲಗಡೆ ಕಡಿತ. ಕಡಿತದ ಸಾಲಿನಲ್ಲಿ “ಅಡ್ವಾನ್ಸ್ 4,000” ಎಂದು ಒಂದು ಅಂಕಿ. ಮೂಲ ಮೊತ್ತವೆಷ್ಟು, ಇದು ಎಷ್ಟನೆಯ ಕಂತು, ಇನ್ನು ಬಾಕಿ ಎಷ್ಟು ಎಂಬುದು ಬಹುಪಾಲು ಚೀಟಿಗಳಲ್ಲಿ ಇರುವುದಿಲ್ಲ. ಅದು ಲೆಕ್ಕಪತ್ರದ ಖಾತೆಯೊಳಗೆ, ನೌಕರನ ಕಣ್ಣಿಗೆ ಬೀಳದ ಸ್ಥಳದಲ್ಲಿ ಇರುತ್ತದೆ. ಕಂತು ಒಮ್ಮೆ ಕಡಮೆಯಾಗಿ, ಮತ್ತೊಮ್ಮೆ ಹಬ್ಬಕ್ಕೆಂದು ಎರಡು ಸಾವಿರ ಹೊಸದಾಗಿ ಸೇರಿದ ಬಳಿಕ, ಬಾಕಿಯೆಷ್ಟೆಂದು ಇಬ್ಬರ ನೆನಪೂ ಬೇರೆಬೇರೆ ಹೇಳತೊಡಗುತ್ತದೆ. ಹಳೆಯ ಮುಂಗಡವು ತೀರುವ ಮೊದಲೇ ಹೊಸದನ್ನು ಅದರ ಮೇಲೆ ಪೇರಿಸುವ ಈ ರೂಢಿಯು ಇಬ್ಬರಿಗೂ ಅನುಕೂಲವೆಂದು ತೋರುವುದರಿಂದಲೇ ಅಪಾಯಕರವಾದುದು: ಎಂದಿಗೂ ತೀರದ ಮುಂಗಡವಿರುವ ನೌಕರನು ಬೇರೆಡೆ ಹೆಚ್ಚು ಸಂಬಳ ಸಿಕ್ಕರೂ ಹೋಗಲಾರನು, ಮತ್ತು ಅದನ್ನು ಬಲ್ಲ ಯಜಮಾನನು ಸಂಬಳ ಹೆಚ್ಚಿಸಲು ಅವಸರಪಡನು. ಸರಕಾರಿ ನೌಕರರ ಹಬ್ಬದ ಮುಂಗಡದ ಪದ್ಧತಿಯು ಈ ಅಂಶದಲ್ಲಿ ಶ್ಲಾಘ್ಯವಾದುದು. ಅದು ಬಡ್ಡಿರಹಿತ, ಹತ್ತು ಸಮಾನ ಕಂತುಗಳದು, ಹಿಂದಿನದು ತೀರಿದ ಮೇಲಲ್ಲದೆ ಮುಂದಿನದು ದೊರೆಯದು. 2020ರಲ್ಲಿ ಕೇಂದ್ರ ಸರಕಾರವು ತನ್ನ ನೌಕರರಿಗೆ ಒಂದು ಬಾರಿಗೆಂದು ಕೊಟ್ಟ 10,000 ರೂಪಾಯಿಯ ಹಬ್ಬದ ಮುಂಗಡವೂ ಹತ್ತು ಕಂತುಗಳದೇ. ಮೊತ್ತ ಅಲ್ಪವೆಂದು ಗೊಣಗುವವರಿದ್ದಾರೆ. ಆದರೆ ಅಲ್ಪವಾಗಿರುವುದರಿಂದಲೇ ಅದು ತೀರುತ್ತದೆ.

ಇನ್ನೊಂದು ದೋಷವು ಸಣ್ಣ ಘಟಕಗಳಲ್ಲಿ ಮಾತ್ರ ಕಂಡುಬರುವುದು, ಆದರೆ ಅದು ಬಹಳ ಕಪಟವಾದುದು. ಮುಂಗಡವನ್ನು ಕಡಿತದ ಸಾಲಿನಲ್ಲಿ ತೋರಿಸದೆ, ಹಾಜರಿಯ ದಿನಗಳನ್ನೇ ಕಡಮೆ ಮಾಡಿ ವಸೂಲು ಮಾಡುವ ಉಪಾಯವದು. ನಮ್ಮ ಫಿಟ್ಟರನ 4,000 ರೂಪಾಯಿ ಎಂದರೆ ಸರಿಯಾಗಿ ಆರು ದಿನಗಳ ಸಂಬಳ. ಪುಸ್ತಕದಲ್ಲಿ ಅವನನ್ನು ಆರು ದಿನ ಗೈರುಹಾಜರೆಂದು ಬರೆದರೆ ಕೈಗೆ ಬರುವ ಹಣವು ಹೆಚ್ಚುಕಡಮೆ ಅಷ್ಟೇ ಆಗಿ ಯಾರಿಗೂ ಸಂಶಯ ಬಾರದು. ಆದರೆ ಭವಿಷ್ಯನಿಧಿಯ ವೇತನವು 15,000ದಿಂದ 12,000ಕ್ಕೆ ಇಳಿದು, ಅವನ ಪಾಲಿನಲ್ಲಿ 360, ಯಜಮಾನನ ಪಾಲಿನಲ್ಲಿ ಮತ್ತೊಂದು 360 ಪ್ರತಿ ತಿಂಗಳೂ ಮಾಯವಾಗುತ್ತದೆ. ಬಡ್ಡಿಯಿಲ್ಲದ ಮುಂಗಡವೆಂದು ಹೊಗಳಿಸಿಕೊಂಡವನು ಬಡ್ಡಿಗಿಂತ ಹೆಚ್ಚನ್ನು ಹೀಗೆ ಸದ್ದಿಲ್ಲದೆ ಉಳಿಸಿಕೊಳ್ಳುತ್ತಾನೆ. ಆರು ತಿಂಗಳ ಅವಧಿಯಲ್ಲಿ 78 ದಿನಗಳ ವಂತಿಗೆಯಾದರೂ ಇದ್ದಲ್ಲದೆ ಇಎಸ್‌ಐಯ ಕಾಯಿಲೆ ಭತ್ಯೆ ದೊರೆಯದಾದುದರಿಂದ, ಮೊದಲೇ ಬಿಟ್ಟುಬಿಟ್ಟು ದುಡಿಯುವ ಕೂಲಿಗೆ ಈ ಸುಳ್ಳು ಗೈರುಹಾಜರಿಯು ಆ ಭತ್ಯೆಯನ್ನೂ ತಪ್ಪಿಸಬಹುದು. ಕಂಡುಹಿಡಿಯುವ ದಾರಿ ಸುಲಭ: ಚೀಟಿಯಲ್ಲಿ ಅಚ್ಚಾದ ದುಡಿದ ದಿನಗಳನ್ನು ತಾನು ದುಡಿದ ದಿನಗಳ ಜೊತೆಗೂ, ಭವಿಷ್ಯನಿಧಿಯ ಪಾಸ್‌ಬುಕ್ಕಿನ ವೇತನವನ್ನು ತನ್ನ ಮೂಲವೇತನದ ಜೊತೆಗೂ ಹೋಲಿಸಿ ನೋಡಿದರೆ ಸಾಕು.

ಕೆಲಸ ಬಿಡುವ ಸಂದರ್ಭಕ್ಕೆ ಬರೋಣ. ಫಿಟ್ಟರನು ಆರು ಕಂತು ಕಳೆದು, ಏಳನೆಯ ತಿಂಗಳಿನ ನಡುವೆ ರಾಜೀನಾಮೆ ಕೊಡುತ್ತಾನೆನ್ನೋಣ. ಜ್ವರದ ತಿಂಗಳಿನದನ್ನು ಸೇರಿಸಿ ಈವರೆಗೆ 23,135 ಸಂದಿದೆ, ಬಾಕಿ 16,865. ಅರ್ಧ ತಿಂಗಳ ಕೊನೆಯ ವೇತನ 10,000. ಅದರಲ್ಲಿ ಕಡಿಯಬಹುದಾದುದು 5,000. ಭವಿಷ್ಯನಿಧಿ 900, ಇಎಸ್‌ಐ 75, ಸಂಘದ ಕಂತು 2,500 ಹೋದರೆ ಮುಂಗಡಕ್ಕೆ ಸಲ್ಲುವುದು ಬರಿಯ 1,525. ಉಳಿದ 15,340ನ್ನು ಏನು ಮಾಡಬೇಕು? ಇಲ್ಲಿ ಯಜಮಾನರು ಸಾಮಾನ್ಯವಾಗಿ ಮಾಡುವುದು ಕೊನೆಯ ಸಂಬಳವನ್ನೆಲ್ಲ ತಡೆಹಿಡಿಯುವುದು, ಅದು ಸಾಲದೆ ಭವಿಷ್ಯನಿಧಿಯ ಹಣವನ್ನು ಬಿಡಿಸಿಕೊಳ್ಳಲು ಬೇಕಾದ ಕಾಗದಪತ್ರಗಳಿಗೆ ಸಹಿ ಹಾಕದಿರುವುದು. ಎರಡೂ ಅಕ್ರಮ. ವೇತನ ಸಂಹಿತೆಯು ಬಿಟ್ಟುಹೋದವನ ಲೆಕ್ಕವನ್ನು ಎರಡು ಕೆಲಸದ ದಿನಗಳೊಳಗೆ ತೀರಿಸತಕ್ಕದ್ದೆಂದು ಹೇಳುತ್ತದೆ, ಅರ್ಧದ ಮಿತಿಯು ಕೊನೆಯ ತಿಂಗಳಿಗೂ ಅನ್ವಯಿಸುತ್ತದೆ. ಭವಿಷ್ಯನಿಧಿಯಂತೂ ಯಾವ ಸಾಲಗಾರನೂ ಜಪ್ತಿ ಮಾಡಲಾಗದಂತೆ 1952ರ ಅಧಿನಿಯಮದಲ್ಲಿಯೇ ರಕ್ಷಿತವಾದ ಹಣ. ಹಾಗೆಂದು 15,340 ಮನ್ನಾ ಆಯಿತೆಂದೂ ಅಲ್ಲ; ಅದು ಉಳಿದ ಯಾವುದೇ ಕೈಸಾಲದಂತೆ ಸಾಲವೇ. ಮುಂಗಡ ಕೊಡುವ ದಿನ ಬರೆಸಿಕೊಂಡ ಒಪ್ಪಿಗೆಪತ್ರದಲ್ಲಿ, ಕೆಲಸ ಬಿಟ್ಟರೆ ಬಾಕಿಯನ್ನು ಇಷ್ಟು ತಿಂಗಳುಗಳಲ್ಲಿ ಇಂತಿಷ್ಟರಂತೆ ಬ್ಯಾಂಕಿನ ಮೂಲಕ ಸಂದಾಯ ಮಾಡತಕ್ಕದ್ದೆಂಬ ಒಂದು ವಾಕ್ಯವಿದ್ದರೆ ಅದನ್ನು ಹಿಡಿದು ಮಾತಾಡಬಹುದು, ಕೊನೆಗೆ ಸಿವಿಲ್ ನ್ಯಾಯಾಲಯಕ್ಕೂ ಹೋಗಬಹುದು. ನಾನು ನೋಡಿರುವ ಒಪ್ಪಿಗೆಪತ್ರಗಳಲ್ಲಿ ಮೊತ್ತವೂ ಸಹಿಯೂ ರೆವಿನ್ಯೂ ಸ್ಟಾಂಪೂ ಇರುತ್ತವೆ. ಈ ವಾಕ್ಯವನ್ನು ಬರೆಯಲು ಮಾತ್ರ ಯಾರಿಗೂ ನೆನಪಾಗಿರುವುದಿಲ್ಲ.