ಕಳೆಯುವ ಚಿಹ್ನೆಗೆ ಸೋಲುವ ಲಕ್ಷ–ಕೋಟಿ ಫಾರ್ಮ್ಯಾಟ್

ಎಕ್ಸೆಲ್‌ನಲ್ಲಿ ದೊಡ್ಡ ಮೊತ್ತಗಳಿಗೆ ಲಕ್ಷ, ಕೋಟಿಯ ಕ್ರಮದಲ್ಲಿ ಕಾಮಾ ಹಾಕಲು ಲೆಕ್ಕಪತ್ರದವರ ನಡುವೆ ಕೈಯಿಂದ ಕೈಗೆ ದಾಟುತ್ತ ಬಂದ ಕಸ್ಟಮ್ ಫಾರ್ಮ್ಯಾಟ್ ಇದು:

```
[>=10000000]##\,##\,##\,##0;[>=100000]##\,##\,##0;##,##0
```

Ctrl+1 ಒತ್ತಿ Custom ಎಂಬಲ್ಲಿ ಇದನ್ನು ಅಂಟಿಸಿದರೆ 2534000 ಎಂಬುದು 25,34,000 ಆಗಿ ಕಾಣುತ್ತದೆ. ಸೆಲ್‌ನೊಳಗಿನ ಸಂಖ್ಯೆ ಸಂಖ್ಯೆಯಾಗಿಯೇ ಉಳಿಯುವುದರಿಂದ ಕೂಡಿ ಕಳೆಯಲು ತೊಡಕಿಲ್ಲ. TEXT ಸೂತ್ರವೇ ಮೇಲು ಎನ್ನುವವರು ಮರೆಯುವುದು ಇದನ್ನೇ: ಆ ಸೂತ್ರ ಕೊಡುವುದು ಅಕ್ಷರಮಾಲೆ. ಅಂಥ ಕಾಲಂಗೆ SUM ಹಾಕಿದರೆ ಸಿಗುವುದು ಸೊನ್ನೆ.

ಇಷ್ಟಾದರೂ ಈ ಫಾರ್ಮ್ಯಾಟ್‌ಗೆ ಸಿಕ್ಕಿರುವ ಹೊಗಳಿಕೆ ಅದರ ಯೋಗ್ಯತೆಗಿಂತ ಹೆಚ್ಚು. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಒಂದೇ ರೂಪ ಎಂಬುದು ಅದರ ದೊಡ್ಡ ಹಿರಿಮೆಯೆಂದು ಹೇಳಲಾಗುತ್ತದೆ. ಮೊದಲೆರಡು ಭಾಗಗಳ ಮಟ್ಟಿಗೆ ಮಾತು ನಿಜ. ಅಲ್ಲಿ ಕಾಮಾದ ಹಿಂದೆ ಓರೆಗೆರೆ ಇರುವುದರಿಂದ ಅದು ಬರಿಯ ಅಕ್ಷರವಾಗಿ, ಬರೆದ ಜಾಗದಲ್ಲೇ ಕೂರುತ್ತದೆ. ಮೂರನೆಯ ಭಾಗದ ಕಾಮಾಕ್ಕೆ ಓರೆಗೆರೆಯಿಲ್ಲ. ಅಂಕಿಗಳನ್ನು ಎಲ್ಲಿ ಒಡೆಯಬೇಕೆಂದು ಅಲ್ಲಿ ತೀರ್ಮಾನಿಸುವುದು ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್.

ಷರತ್ತುಗಳು ಎರಡೇ, ಎರಡೂ ಧನ ಸಂಖ್ಯೆಗೆ ಮೀಸಲು. ಹಾಗಾಗಿ ನಷ್ಟದ ಮೊತ್ತ ಎಷ್ಟೇ ದೊಡ್ಡದಿರಲಿ, ಮೂರನೆಯ ಭಾಗಕ್ಕೇ ಬೀಳುತ್ತದೆ. ಲಾಭ 25,34,000 ಎಂದು ಕಾಣುವ ಕಾಲಂನಲ್ಲೇ ಅಷ್ಟೇ ನಷ್ಟ -2,534,000 ಆಗುತ್ತದೆ. ಭಾರತದ ಸೆಟ್ಟಿಂಗ್ ಇರುವ ಯಂತ್ರದಲ್ಲಿ ಮಾತ್ರ ಇದು -25,34,000 ಎಂದು ಸರಿಯಾಗಿ ಮೂಡುತ್ತದೆ; ಹಾಳೆ ಮಾಡಿದವರ ಕಣ್ಣಿಗೆ ದೋಷ ಬೀಳದಿರುವುದಕ್ಕೆ ಇದೇ ಕಾರಣ. ಅಮೆರಿಕದ ಸೆಟ್ಟಿಂಗ್ ಇರುವ ಯಂತ್ರದಲ್ಲಿ ಹಾಳೆ ತೆರೆದವರಿಗೆ ಅದು ಎದ್ದು ಕಾಣುತ್ತದೆ.

ಅಂಚುಗಳಲ್ಲೂ ಎಡವಟ್ಟುಗಳಿವೆ. 9999999.6 ಎಂಬ ಮೊತ್ತ ಕೋಟಿಗಿಂತ ಕಡಿಮೆಯಾದ್ದರಿಂದ ಎರಡನೆಯ ಭಾಗಕ್ಕೆ ಹೋಗಿ, ಪೂರ್ಣಾಂಕವಾಗುವಾಗ 100,00,000 ಎಂದು ಮೂಡುತ್ತದೆ. ನೂರು ಕೋಟಿ ದಾಟಿದ ಮೇಲೆ ಉಳಿದ ಅಂಕಿಗಳೆಲ್ಲ ಎಡಕ್ಕೆ ಗುಡ್ಡೆಬೀಳುತ್ತವೆ. ಕರ್ನಾಟಕದ 2025-26ರ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿಯನ್ನು ಪೂರ್ತಿ ಅಂಕಿಗಳಲ್ಲಿ ಬರೆದರೆ 40,95,49,00,00,000 ಆಗಬೇಕು. ಈ ಫಾರ್ಮ್ಯಾಟ್ 409549,00,00,000 ಎನ್ನುತ್ತದೆ.

ಋಣ ಸಂಖ್ಯೆಗಳಿಗೆ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಬೇರೆ ನಿಯಮ ಬರೆದು ತೇಪೆ ಹಾಕಬಹುದು. ಮೂಲ ಫಾರ್ಮ್ಯಾಟ್ ಹೊಗಳುವವರು ಈ ತೇಪೆಯ ಮಾತೆತ್ತುವುದು ಅಪರೂಪ. ಎಲ್ಲ ಯಂತ್ರಗಳೂ ಒಂದೇ ಕಚೇರಿಯವಾದರೆ ತೇಪೆಯೂ ಬೇಕಿಲ್ಲ: ವಿಂಡೋಸ್‌ನ Region ಸೆಟ್ಟಿಂಗ್‌ನಲ್ಲಿ Digit grouping ಅನ್ನು 12,34,56,789 ಎಂದು ಬದಲಿಸಿ, ಸೆಲ್‌ಗೆ ಸಾಮಾನ್ಯ #,##0 ಕೊಟ್ಟರೆ ನಷ್ಟವೂ ನೂರು ಕೋಟಿಯೂ ಸರಿಯಾಗಿ ಕಾಣುತ್ತವೆ. ಕಸ್ಟಮ್ ಫಾರ್ಮ್ಯಾಟ್ ಒಪ್ಪುವುದು ಋಣ ಸಂಖ್ಯೆಯಿಲ್ಲದ, ನೂರು ಕೋಟಿ ಮುಟ್ಟದ, ಹೊರಗಿನವರಿಗೆ ಕಳಿಸುವ ಹಾಳೆಗೆ ಮಾತ್ರ.